ಮನೆಗೊಂದಾಳಿನ ವಿಮೆ

ಗುಂಡ್ಲುಪೇಟೆಯ ಗಂಗಾಧರಸ್ವಾಮಿಯವರ ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ಸುತ್ತಲ ಹಳ್ಳಿಗಳಲ್ಲಿ ಅರ್ಧ ಬಾಗಿಲು ಮುಚ್ಚಿಕೊಳ್ಳುತ್ತಿದ್ದವು. ಅವರೇನು ಸಾಲ ವಸೂಲಿಗೆ ಬರುವವರಲ್ಲ, ಅಮೀನರೂ ಅಲ್ಲ. ಬೆಳ್ಳಗೆ ಒಗೆದ ಪಂಚೆ, ಕರಿ ಕೋಟು, ಹಣೆಯ ಮೇಲೆ ಮೂರು ಗೆರೆ ವಿಭೂತಿ, ಕ್ಯಾರಿಯರಿಗೆ ಕಟ್ಟಿದ ಒಂದು ರಟ್ಟಿನ ಚೀಲ, ಇಷ್ಟೇ. ಆದರೆ ಆ ಮನುಷ್ಯ ಜಗಲಿಯ ಮೇಲೆ ಕೂತು, ಕೊಟ್ಟ ನೀರು ಕುಡಿದು, ಮನೆಯವರ ಯೋಗಕ್ಷೇಮ ಕೇಳಿ, ಆಮೇಲೆ ಬಾಯಿ ಬಿಟ್ಟರೆ ಮೊದಲು ಬರುವ ಮಾತೇ "ನಾಳೆ ನೀವು ಸತ್ತರೆ" ಎಂಬುದು. ಯಾರು ತಾನೇ ಸಹಿಸಿಕೊಂಡಾರು!

ಒಳಗಿನಿಂದ ಹೆಂಗಸರ ದನಿ ಏಳುತ್ತಿತ್ತು: "ಬುಡ್ತು ಅನ್ನಿ ಮೇಷ್ಟ್ರೆ!"

"ಬಿಡ್ತು," ಎನ್ನುತ್ತಿದ್ದರು ಗಂಗಾಧರಸ್ವಾಮಿ, ಒಂದಿಷ್ಟೂ ಬೇಸರವಿಲ್ಲದೆ. "ಈಗ ಮುಂದಕ್ಕೆ ಕೇಳಿ. ನೀವು ಸತ್ತ ಮೇಲೆ..."

"ಬುಡ್ತು ಅನ್ನಿ!"

"ಬಿಡ್ತು. ನಿಮ್ಮ ಹೆಂಡತಿ ಮಕ್ಕಳು..."

ಹೀಗೆ ಒಂದೇ ಮನೆಯಲ್ಲಿ ಹದಿನೇಳು ಸಲ ಬಿಡ್ತು ಅಂದದ್ದು ಅವರ ದಾಖಲೆ. ಅದು ಬೇಗೂರಿನ ಕಡೆ ಒಬ್ಬ ಪಟೇಲರ ಮನೆಯಲ್ಲಿ. ಪಟೇಲರು ಕೊನೆಗೂ ವಿಮೆ ಮಾಡಿಸಲಿಲ್ಲ, ಆದರೆ ಹೊಟ್ಟೆ ತುಂಬ ಊಟ ಹಾಕಿ ಕಳಿಸಿದರು. ಇಂಥ ಊಟಗಳಿಂದಲೇ ತನ್ನ ಗಂಡನಿಗೆ ಹೊಟ್ಟೆ ಬಂದಿದೆಯೇ ಹೊರತು ಸಂಪಾದನೆಯಿಂದಲ್ಲ ಎಂದು ಚಂದ್ರಮತಿ ಅಕ್ಕಪಕ್ಕದವರಿಗೆ ಹೇಳಿಕೊಂಡು ನಗುತ್ತಿದ್ದಳು.

ಜನ ಅವರನ್ನು ಮೇಷ್ಟ್ರು ಅನ್ನುತ್ತಿದ್ದುದು ಸುಮ್ಮನೆ ಅಲ್ಲ. ಹಿಂದೆ ಅವರು ತೆರಕಣಾಂಬಿಯ ಶಾಲೆಯಲ್ಲಿ ನಿಜವಾದ ಮೇಷ್ಟ್ರೇ ಆಗಿದ್ದರು. ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಕೆಮ್ಮು ಹಿಡಿಯಿತು, ಕೆಮ್ಮಿನಲ್ಲಿ ರಕ್ತ ಬಂತು, ಮೈಸೂರಿನ ಕ್ಷಯದ ಆಸ್ಪತ್ರೆಯಲ್ಲಿ ಹನ್ನೊಂದು ತಿಂಗಳು ಮಲಗಿದರು. ಬದುಕಿ ಬಂದರು. ಬರುವ ಹೊತ್ತಿಗೆ ಶಾಲೆಗೆ ಬೇರೆ ಮೇಷ್ಟ್ರು ಬಂದಿದ್ದರು. ಊರಿನವರಿಗೆ ಮಾತ್ರ "ಮೈಸೂರಿನಲ್ಲಿ ಟ್ರೈನಿಂಗು" ಎಂದು ಹೇಳಿದ್ದರು. ಕ್ಷಯ ಎಂದರೆ ಆ ಕಾಲದಲ್ಲಿ ಜನ ಕೊಟ್ಟ ಲೋಟವನ್ನು ವಾಪಸು ತೆಗೆದುಕೊಳ್ಳುತ್ತಿರಲಿಲ್ಲ. ಊರೂರು ತಿರುಗಿ ಜಗಲಿಗಳ ಮೇಲೆ ಕೂತು ಅನ್ನ ಸಂಪಾದಿಸಬೇಕಾದ ಮನುಷ್ಯನಿಗೆ ಲೋಟ ಕೊಡುವವರೇ ಇಲ್ಲವಾದರೆ ಆಯಿತಲ್ಲ ಕಥೆ.

ವಿಮಾ ಕಂಪನಿಯೊಂದರ ಏಜೆಂಟಾದ ಮೊದಲ ವರ್ಷವೇ ಅವರು ತಮ್ಮ ಹೆಸರಿಗೂ ಒಂದು ಅರ್ಜಿ ತುಂಬಿದ್ದರು. ಹಿಂದೆ ಯಾವ ಕಾಯಿಲೆ ಆಗಿತ್ತು ಎಂಬ ಸಾಲಿಗೆ ಬಂದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಇದ್ದದ್ದು ಇದ್ದ ಹಾಗೆ ಬರೆಯಿತು. ಮೂರು ವಾರಕ್ಕೆ ಉತ್ತರ ಬಂತು. ತಮ್ಮ ಜೀವಕ್ಕೆ ವಿಮೆ ಕೊಡಲು ಸಾಧ್ಯವಾಗದ್ದಕ್ಕೆ ಕಂಪನಿ ವಿಷಾದಿಸುತ್ತದೆ. ಆ ಕಾಗದವನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿ, ಮರುದಿನ ಸೈಕಲ್ಲು ಹತ್ತಿ ಬೇರೆಯವರ ಜೀವಕ್ಕೆ ವಿಮೆ ಮಾಡಿಸಲು ಹೊರಟರು. ಅದು ಚಂದ್ರಮತಿಗೆ ಬಿಟ್ಟರೆ ಇನ್ನು ಯಾರಿಗೂ ತಿಳಿಯದು. "ನಿಮ್ದು ಎಸ್ಟ್ ಸಾವ್ರದ್ದು ಮೇಷ್ಟ್ರೆ?" ಎಂದು ಯಾರಾದರೂ ಕೇಳಿದರೆ, "ನನ್ನದು ಬೇರೆ ತರಹದ್ದು," ಎಂದು ಹೇಳಿ ಚೀಲದ ಹಗ್ಗ ಬಿಗಿ ಮಾಡುತ್ತಿದ್ದರು.

ಸಾವಿರದೊಂಬೈನೂರ ಐವತ್ತನಾಲ್ಕರಲ್ಲಿ ಅವರಿಗೆ ಒಂದು ಹುಕಿ ಬಂತು. ಬಾಯಲ್ಲಿ ಹೇಳಿದರೆ ಬಿಡ್ತು ಅನ್ನಿಸುತ್ತಾರೆ, ಅಚ್ಚು ಹಾಕಿಸಿ ಕೊಟ್ಟರೆ ಕಾಗದಕ್ಕೆ ಯಾರು ಬಿಡ್ತು ಅನ್ನಿಸುತ್ತಾರೆ ನೋಡೋಣ ಎಂದುಕೊಂಡು, ಹೊಸದಾಗಿ ಸಂಸಾರ ಹೂಡಿದವರಿಗೆಂದೇ ಒಂದು ಕರಪತ್ರ ಬರೆದರು. ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗಿ ಅಬ್ದುಲ್ ಜಬ್ಬಾರರ ಛಾಪಖಾನೆಯಲ್ಲಿ ಅಚ್ಚಿಗೆ ಕೊಟ್ಟರು. ಜಬ್ಬಾರ್ ಸಾಬರು ಲಗ್ನಪತ್ರಿಕೆ, ನಾಟಕದ ನೋಟೀಸು, ಬೀಡಿ ಕಟ್ಟಿನ ಚೀಟಿ ಅಚ್ಚು ಹಾಕುವವರು. ಕನ್ನಡಕ ಮೂಗಿನ ತುದಿಗೆ ಇಳಿಸಿ ಕರಡು ಓದಿದರು. ಅದರಲ್ಲಿ ಹೀಗಿತ್ತು:

"ಮದುವೆಯಾಗಿ ಒಂದೆರಡು ಮಕ್ಕಳಿರುವ ಗೃಹಸ್ಥರೇ, ಗೃಹಿಣಿಯರೇ. ಅವಧಿ ವಿಮೆ ಎಂದರೇನೆಂದು ಕೇಳಿ. ಹತ್ತು ವರ್ಷಕ್ಕೋ ಹದಿನೈದು ವರ್ಷಕ್ಕೋ ಒಂದು ಅವಧಿ ಗೊತ್ತು ಮಾಡಿಕೊಳ್ಳುವುದು. ಆ ಅವಧಿಯೊಳಗೆ ವಿಮೆ ಮಾಡಿಸಿದ ಯಜಮಾನ ತೀರಿಕೊಂಡರೆ, ಜ್ವರದಿಂದಾಗಲಿ, ಹಾವು ಕಚ್ಚಿಯಾಗಲಿ, ಬಸ್ಸು ಮಗುಚಿಯಾಗಲಿ, ಆನೆ ತುಳಿದಾಗಲಿ, ಒಪ್ಪಿಕೊಂಡ ಪೂರ್ತಿ ಹಣ ಅವನು ಹೆಸರು ಬರೆಸಿದವರಿಗೆ ಬರುತ್ತದೆ. ಮೊದಲ ಕಂತು ಕಟ್ಟಿ ಪಾಲಿಸಿ ಜಾರಿಯಾದ ಮಾರನೆಯ ದಿನವೇ ತೀರಿಕೊಂಡರೂ ಪೂರ್ತಿಯೇ ಬರುತ್ತದೆ. ಮೊದಲ ವರ್ಷದೊಳಗೆ ತನ್ನ ಪ್ರಾಣ ತಾನೇ ಕಳೆದುಕೊಂಡರೆ ಮಾತ್ರ ಬರುವುದಿಲ್ಲ. ಅವಧಿ ಮುಗಿದು ಯಜಮಾನ ಗಟ್ಟಿಮುಟ್ಟಾಗಿದ್ದರೆ ಒಂದು ಕಾಸೂ ವಾಪಸಿಲ್ಲ. ಅದಕ್ಕೇ ಕಂತು ಇಷ್ಟು ಕಡಿಮೆ. ಕಾಯಿಲೆ ಬಿದ್ದರೆ ಔಷಧಕ್ಕೆ ಇದು ಕೊಡುವುದಿಲ್ಲ, ಎತ್ತು ಸತ್ತರೆ ಕೊಡುವುದಿಲ್ಲ, ಮನೆ ಸುಟ್ಟರೆ ಕೊಡುವುದಿಲ್ಲ. ವರ್ಷದ ಕಂತನ್ನು ಗಡುವು ಕಳೆದು ಒಂದು ತಿಂಗಳೊಳಗೆ ಕಟ್ಟದಿದ್ದರೆ ವಿಮೆ ನಿಂತುಹೋಗುತ್ತದೆ. ಅರ್ಜಿಯಲ್ಲಿ ಕಾಯಿಲೆ ಮುಚ್ಚಿಟ್ಟರೆ, ನಿಮ್ಮನ್ನು ನಂಬಿದವರ ಕೈಗೆ ನೀವು ಕೊಟ್ಟಿರುವುದು ಬರೀ ಕಾಗದ."

ಜಬ್ಬಾರ್ ಸಾಬರು ಕನ್ನಡಕ ತೆಗೆದರು. "ಬದುಕಿದ್ರೆ ಏನೂ ಇಲ್ಲ ಅಂತ ನೀವೇ ಅಚ್ಚು ಹಾಕಿಸ್ತೀರಲ್ಲ ಮೇಷ್ಟ್ರೇ, ಯಾರು ಕೊಳ್ತಾರೆ? ನಾಟಕದೋರು ನೋಟೀಸಿನಲ್ಲಿ ನಾಟಕ ಚೆನ್ನಾಗಿಲ್ಲ ಅಂತ ಹಾಕಿಸ್ತಾರಾ?"

"ಇರೋದು ಇಷ್ಟೇ ಅಂತ ಮೊದಲೇ ಗೊತ್ತಿದ್ದರೆ ಆಮೇಲೆ ಜಗಳ ಇರೋದಿಲ್ಲ ಸಾಬರೇ."

"ಕೊಳ್ಳೋರೇ ಇಲ್ದಿದ್ರೆ ಜಗಳ ಎಲ್ಲಿಂದ ಬರ್ತದೆ?" ಎಂದು ಜಬ್ಬಾರರು ನಕ್ಕರೂ ಅಚ್ಚು ಚೆನ್ನಾಗಿಯೇ ಹಾಕಿಕೊಟ್ಟರು. ಆದರೆ ಲಗ್ನದ ಕಾಲ ಮುಗಿದು ಗುಲಾಬಿ ಬಣ್ಣದ ಕಾಗದ ಉಳಿದುಹೋಗಿತ್ತು, ಅಗ್ಗಕ್ಕೆ ಸಿಗುತ್ತದೆಂದು ಅದರ ಮೇಲೇ ಹಾಕಿದರು. ಇದರಿಂದ ಆದದ್ದೇನೆಂದರೆ, ಕೈಗೆ ಕೊಟ್ಟ ಕಡೆಯಲ್ಲೆಲ್ಲ ಜನ "ಯಾರ್ ಮದ್ವೆ ಮೇಷ್ಟ್ರೆ?" ಎಂದು ಕೇಳಿ, ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿ ಇಟ್ಟರು. ಓದಿದವರು ಬಹಳ ಕಡಿಮೆ.

ಓದಿದವಳು ಹಂಗಳದ ಪುಟ್ಟಮಲ್ಲಮ್ಮ. ನಾಲ್ಕನೆಯ ಕ್ಲಾಸಿನವರೆಗೆ ಕಲಿತವಳು, ದೇವರ ಗೂಡು ಒರೆಸುವಾಗ ಕುಂಕುಮದ ಕೆಳಗೆ ಆನೆ ಎಂಬ ಅಕ್ಷರ ಕಂಡು ಇಡೀ ಕಾಗದ ಓದಿದಳು. ಆನೆಯ ವಿಷಯ ಅವಳಿಗೆ ಬೇಕಾದದ್ದೇ ಆಗಿತ್ತು. ಆ ತಿಂಗಳಷ್ಟೇ ಅವಳ ಗಂಡ ದೊಡ್ಡಮಲ್ಲಪ್ಪ ಕಾಡಂಚಿನ ಹುರುಳಿ ಹೊಲದಲ್ಲಿ ಆನೆ ಅಟ್ಟಿಸಿಕೊಂಡು ಬಂದಾಗ ಹುಣಸೆ ಮರ ಹತ್ತಿ, ಆನೆ ಹೋದರೂ ಇಳಿಯದೆ ಸಂಜೆಯವರೆಗೆ ಅಲ್ಲೇ ಕೂತಿದ್ದ. ಅವಳಿಗೆ ಎರಡು ಮಕ್ಕಳು, ಚಿಕ್ಕದಕ್ಕೆ ಇನ್ನೂ ಹಲ್ಲು ಬಂದಿರಲಿಲ್ಲ. ಮನೆಯಲ್ಲಿ ಅತ್ತೆ ದೊಡ್ಡಮಲ್ಲಮ್ಮನದೇ ಯಜಮಾನಿಕೆ, ಮೈದುನ ಮರಿಮಲ್ಲಪ್ಪನಿಗೆ ನಾಳೆ ಮದುವೆಯಾದರೆ ಓರಗಿತ್ತಿ ಬರುತ್ತಾಳೆ. ಗಂಡನಿಲ್ಲದ ಹೆಂಗಸಿಗೆ ಒಟ್ಟು ಮನೆಯಲ್ಲಿ ಊಟಕ್ಕೇನೂ ಕಡಿಮೆಯಾಗದು, ಆದರೆ ಮಗಳಿಗೆ ಒಂದು ಸ್ಲೇಟು ಬೇಕೆಂದರೂ ಇನ್ನೊಬ್ಬರ ಮುಖ ನೋಡಬೇಕು. ಇದನ್ನು ಅವಳು ಎಲ್ಲಿಯೋ ನೋಡಿದವಳು.

ಗಂಗಾಧರಸ್ವಾಮಿ ಮುಂದಿನ ಸಲ ಹಂಗಳಕ್ಕೆ ಹೋದಾಗ ಅವಳೇ ಬಾಗಿಲಿಗೆ ಬಂದು ನಿಂತು, "ನಮ್ಮನೆಯವ್ರಿಗೆ ಆ ಕಾಗ್ದ ಬರ್ಕಳಿ ಮೇಷ್ಟ್ರೆ," ಎಂದಳು. ಗಂಡನ ಹೆಸರನ್ನು ಅವಳ ಬಾಯಲ್ಲಿ ಹೇಳಿಸುವುದು ಆಗುವ ಮಾತಲ್ಲ, ದೊಡ್ಡ ಮಗುವಿನ ಕೈಲಿ ಹೇಳಿಸಿದಳು. ಅವರು ಏಜೆಂಟಾದ ಎಂಟು ವರ್ಷದಲ್ಲಿ ತಾನಾಗಿ ವಿಮೆ ಕೇಳಿದ ಮೊದಲ ಮನೆ ಅದು. ಗಂಗಾಧರಸ್ವಾಮಿಗೆ ಆದ ಹಿಗ್ಗು ಅಷ್ಟಿಷ್ಟಲ್ಲ.

ಮೂರು ಸಾವಿರ ರೂಪಾಯಿಗೆ, ಹತ್ತು ವರ್ಷಕ್ಕೆ. ವರ್ಷಕ್ಕೆ ನಲವತ್ತು ರೂಪಾಯಿ ಕಂತು. ಅರ್ಜಿ ತುಂಬುತ್ತಾ, "ಕ್ಷಯ, ಉಬ್ಬಸ, ಎದೆನೋವು, ಇಂಥದ್ದು ಏನಾದರೂ ಇದೆಯೇ ಮಲ್ಲಪ್ಪ?" ಎಂದು ಕೇಳಿದರು. ದೊಡ್ಡಮಲ್ಲಪ್ಪ ಅವ್ವನ ಕಡೆ ನೋಡಿದ. ದೊಡ್ಡಮಲ್ಲಮ್ಮ ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿ, "ನಮ್ಮ ವಂಸದಲ್ಲೇ ಇಲ್ಲ ಬುಡಿ," ಎಂದಳು. ಸೊಸೆ ಏನೋ ಹೇಳಲು ಬಾಯಿ ತೆರೆದವಳು ಅತ್ತೆಯ ಕಣ್ಣು ನೋಡಿ ಸುಮ್ಮನಾದಳು. ಹಿಗ್ಗಿನಲ್ಲಿದ್ದ ಗಂಗಾಧರಸ್ವಾಮಿ ಅದನ್ನು ಗಮನಿಸಲಿಲ್ಲ. ಗುರುವಾರ ಗುಂಡ್ಲುಪೇಟೆಯಲ್ಲಿ ಡಾಕ್ಟರರ ಹತ್ತಿರ ಪರೀಕ್ಷೆಗೆ ಬರಬೇಕೆಂದು ಹೇಳಿ ಹೊರಟರು. ತಾವೇ ಜೊತೆಗಿರಬೇಕಿತ್ತು. ಆದರೆ ಆ ದಿನ ಇನ್ನೂ ಐನೂರು ಕರಪತ್ರ ತರಲು ಚಾಮರಾಜನಗರಕ್ಕೆ ಹೋಗಿಬಿಟ್ಟರು.

ಶನಿವಾರ ಬೆಳಿಗ್ಗೆ ಮರಿಮಲ್ಲಪ್ಪ ಅವರ ಮನೆಗೆ ಬಂದ. ಇಪ್ಪತ್ತೈದರ ಪ್ರಾಯ, ಕಂಬದ ಹಾಗಿರುವ ಮೈ, ಕೈಯಲ್ಲಿ ಒಂದು ಪಿಂಡಿ ವೀಳ್ಯದೆಲೆ. ಜಗಲಿ ಮೇಲೆ ಕೂತು ಬಹಳ ಗಂಭೀರವಾಗಿ, "ಮೇಷ್ಟ್ರೆ, ಒಂದು ನ್ಯಾಯ ಕೇಳ್ಬೇಕು," ಎಂದ.

"ಕೇಳಪ್ಪ."

"ನಮ್ಮಣ್ಣ ಓದ್ರೆ, ಬುಡ್ತು ಅನ್ನಿ..."

"ಬಿಡ್ತು."

"ಆ ಮೂರು ಸಾವ್ರದಲ್ಲಿ ನಂಗೆಸ್ಟು ಬತ್ತದೆ?"

"ನಿನಗ್ಯಾಕೆ ಬರುತ್ತೆ? ಹೆಸರು ಬರೆಸಿರೋದು ನಿಮ್ಮ ಅತ್ತಿಗೇದು."

ಮರಿಮಲ್ಲಪ್ಪನಿಗೆ ಸಿಟ್ಟು ಬಂತು. "ಅದೆಂಗ್ ಮೇಷ್ಟ್ರೆ! ಡಾಕ್ಟ್ರತ್ರ ಅಂಗಿ ಬಿಚ್ಚಿ ಕೂತೋನು ನಾನು, ಎದೆಗೆ ತಣ್ಣನೆ ಕೊಳವೆ ಇಡಿಸ್ಕೊಂಡೋನು ನಾನು, ಸೀಸೆಗೆ ಉಚ್ಚೆ ಉಯ್ದು ಕೊಟ್ಟೋನು ನಾನು. ಪಾಸಾದೋನು ನಾನು ಕಣ್ಸ್ವಾಮಿ! ಅತ್ತಿಗವ್ವಂಗೆ ಪೂರ್ತಿ, ನಂಗೆ ಏನೂ ಇಲ್ವಾ?"

ಗಂಗಾಧರಸ್ವಾಮಿ ಕೂತಲ್ಲಿಂದ ದಿಗ್ಗನೆ ಎದ್ದು ನಿಂತರು. ಒಳಗೆ ಅಕ್ಕಿ ಆರಿಸುತ್ತಿದ್ದ ಚಂದ್ರಮತಿಯ ಮೊರದ ಸದ್ದು ನಿಂತಿತು.

ವಿಷಯ ಇಷ್ಟು. ಗುರುವಾರ ದೊಡ್ಡಮಲ್ಲಪ್ಪ ಹೊರಡಬೇಕೆನ್ನುವಾಗ ದೊಡ್ಡಮಲ್ಲಮ್ಮ ತಡೆದಿದ್ದಳು. ಕೆರೆ ಹೂಳೆತ್ತುವುದಿರಲಿ, ದೇವಸ್ಥಾನದ ಪೌಳಿ ಕಟ್ಟುವುದಿರಲಿ, ಊರಲ್ಲಿ ತಮಟೆ ಹೊಡೆದು ಸಾರು ಹಾಕಿದರೆ ಹೋಗುವುದು ಮನೆಗೊಂದಾಳು. ಯಾವ ಆಳು ಎಂದು ಯಾರೂ ಕೇಳಿದವರಿಲ್ಲ. ಅವತ್ತು ಎಲೆತೋಟದಲ್ಲಿ ದೊಡ್ಡಮಲ್ಲಪ್ಪ ಬೇಕು, ಮರಿಮಲ್ಲಪ್ಪ ಖಾಲಿ. ಡಾಕ್ಟರು ಕರೆದರೆ ಮರಿಮಲ್ಲಪ್ಪ ಹೋಗಲಿ, ಅವನೂ ಇದೇ ಮನೆಯ ಆಳಲ್ಲವೇ? ಮರಿಮಲ್ಲಪ್ಪ ಹೋದ, ಅಣ್ಣನ ಹೆಸರು ಹೇಳಿದ, ಅಣ್ಣನ ಹೆಸರಲ್ಲೇ ರುಜು ಮಾಡಿದ, ಮನೆಯ ಕೆಲಸ ಮಾಡಿಬಂದ ಸಮಾಧಾನದಲ್ಲಿ ಬಸ್ಸು ಹತ್ತಿದ.

ಗಂಗಾಧರಸ್ವಾಮಿ ಮರಿಮಲ್ಲಪ್ಪನನ್ನು ಕಳಿಸಿಕೊಟ್ಟರು. ಅಣ್ಣತಮ್ಮಂದಿರು ನೋಡಲು ಒಂದೇ ಥರ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಪಾಲಿಸಿ ಬರುತ್ತದೆ, ತಮಗೆ ಕಮಿಷನ್ನೂ ಬರುತ್ತದೆ. ಇಂಥ ಯೋಚನೆ ಅವರಿಗೆ ಬರಲೇ ಇಲ್ಲ ಎಂದರೆ ಸುಳ್ಳಾದೀತು.

"ಏನು ಮಾಡ್ತೀರಿ?" ಎಂದು ಚಂದ್ರಮತಿ ಬಾಗಿಲಲ್ಲಿ ನಿಂತು ಕೇಳಿದಳು.

"ಅಣ್ಣ ಯಾಕೆ ಬರಲಿಲ್ಲ ಅಂತ ನೋಡಬೇಕು ಕಣೆ. ಎಲೆತೋಟದ ಕೆಲಸ ಅರ್ಧ ದಿನ ತಡೆಯದೇ ಇರುತ್ತಾ?"

ಮೊದಲು ಡಾಕ್ಟರರ ಹತ್ತಿರ ಹೋದರು. ವರದಿ ಬರೆದು ಲಕೋಟೆಗೆ ಅಂಟು ಹಾಕಿ ಮೇಜಿನ ಮೇಲಿತ್ತು, ಸೋಮವಾರದ ಟಪಾಲಿಗೆ ಹೋಗುವುದು. ಡಾಕ್ಟರು ವಿಷಯ ಕೇಳಿ ಕೆಂಡವಾದರು. "ಹೋರಿ ಕಣ್ರೀ, ಹೋರಿ! ಇಂಥ ಎದೆ ನಾನು ಹತ್ತು ವರ್ಷದಲ್ಲಿ ನೋಡಿರಲಿಲ್ಲ ಅಂತ ಖುಷಿಪಟ್ಟು ಬರೆದಿದ್ದೆ. ಎಡ ಹುಬ್ಬಿನ ಮೇಲೆ ಗಾಯದ ಗುರುತು ಅಂತಾನೂ ಬರೆದಿದ್ದೀನಿ. ನಾಳೆ ಆ ಗುರುತಿಲ್ಲದ ಹೆಣ ಸಿಕ್ಕಿದರೆ ಕಂಪನಿಯೋರು ಸುಮ್ಮನೆ ದುಡ್ಡು ಕೊಡ್ತಾರೇನ್ರಿ?" ಎಂದು ಗದರಿ, ಲಕೋಟೆ ಹರಿದುಹಾಕಿದರು. ಸೋಮವಾರ ನಿಜವಾದ ಆಳು ಬರಲಿ, ಇಲ್ಲದಿದ್ದರೆ ನಡೆದದ್ದನ್ನೇ ಕಂಪನಿಗೆ ಬರೆಯುತ್ತೇನೆ ಎಂದರು.

ಅವತ್ತೇ ಮಧ್ಯಾಹ್ನ ಗಂಗಾಧರಸ್ವಾಮಿ ಹಂಗಳದ ದಾರಿ ತುಳಿದರು. ಮನೆ ತಲುಪುವ ಮೊದಲೇ ಅವರಿಗೆ ಉತ್ತರ ಸಿಕ್ಕಿತು. ಎಲೆತೋಟದ ಬದುವಿನ ಮೇಲೆ ಎಲೆಯ ಪಿಂಡಿ ಹೊತ್ತು ಬರುತ್ತಿದ್ದ ದೊಡ್ಡಮಲ್ಲಪ್ಪ ಹತ್ತು ಹೆಜ್ಜೆಗೊಮ್ಮೆ ನಿಂತು, ಬಾಯಿ ತೆರೆದು, ತಿದಿ ಒತ್ತಿದ ಹಾಗೆ ಸುಯ್ ಸುಯ್ ಎಂದು ಉಸಿರೆಳೆಯುತ್ತಿದ್ದ. ಆ ಸದ್ದು ಆಸ್ಪತ್ರೆಯಲ್ಲಿ ಹನ್ನೊಂದು ತಿಂಗಳು ಕಳೆದವನಿಗೆ ಚೆನ್ನಾಗಿ ಗೊತ್ತು.

ಜಗಲಿಯ ಮೇಲೆ ಎಲ್ಲರೂ ಕೂತರು. ದೊಡ್ಡಮಲ್ಲಮ್ಮ ಮೊದಲು ಜೋರು ಮಾಡಿದಳು. "ಅದೇನ್ ತಪ್ಪು ಮೇಷ್ಟ್ರೆ? ಕರ್ದೋರು ನೀವು, ಬಂದೋನು ನಮ್ಮನೆ ಮಗ. ಕೆರೆ ಕೆಲಸಕ್ಕೆ ಚಿಕ್ಕೋನ್ನ ಕಳಿಸಿದ್ರೆ ಮಣ್ಣು ಒಲ್ಲೆ ಅಂತದಾ?"

"ಅವ್ವ, ಕೆರೆ ಮಣ್ಣು ಯಾರು ಹೊತ್ತರೂ ಬರುತ್ತೆ. ಇದು ಮನೆಗೆ ಮಾಡಿಸೋ ವಿಮೆ ಅಲ್ಲ. ಒಬ್ಬನ ಉಸಿರಿಗೆ ಮಾಡಿಸೋದು. ಮರಿಮಲ್ಲಪ್ಪನ ಎದೆ ನೋಡಿ ಕಂಪನಿ ಒಪ್ಪಿಕೊಂಡರೆ, ನಾಳೆ ದೊಡ್ಡಮಲ್ಲಪ್ಪ ಹೋದಾಗ..."

"ಬುಡ್ತು ಅನ್ನಿ!"

"ಇವತ್ತು ಅನ್ನೋದಿಲ್ಲ ಅವ್ವ," ಎಂದರು ಗಂಗಾಧರಸ್ವಾಮಿ. ಎಂಟು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ದೊಡ್ಡಮಲ್ಲಮ್ಮನ ದವಡೆ ಅಲ್ಲೇ ನಿಂತಿತು. "ದೊಡ್ಡಮಲ್ಲಪ್ಪ ಹೋದಾಗ ಈ ಹುಡುಗಿ ಎರಡು ಮಕ್ಕಳನ್ನ ಕಟ್ಟಿಕೊಂಡು ಆ ಕಾಗದ ಹಿಡಿದು ಬರ್ತಾಳೆ. ಕಂಪನಿಯೋರು ವಿಚಾರಿಸ್ತಾರೆ. ಊರಿಗೆಲ್ಲ ಗೊತ್ತಿರೋ ಇವನ ಉಬ್ಬಸ, ಗೂರಲು ಅವರಿಗೆ ಗೊತ್ತಾಗದೇ ಇರುತ್ತಾ? ಮೋಸ ಅಂತ ಕಾಣುತ್ತೆ, ಕಾಗದ ರದ್ದು ಮಾಡ್ತಾರೆ. ವರ್ಷ ವರ್ಷ ಕಟ್ಟಿದ್ದು ಗಾಳಿಗೆ ಹೋಗುತ್ತೆ."

ಪುಟ್ಟಮಲ್ಲಮ್ಮ ಬಾಗಿಲ ಹಿಂದಿನಿಂದ ಮುಂದೆ ಬಂದಳು. "ನಾನು ಅವತ್ತೇ ಏಳ್ಬೇಕಿತ್ತು ಮೇಷ್ಟ್ರೆ. ಇವ್ರಿಗೆ ಮಾಗಿ ಬಂದ್ರೆ ಗೂರ್ಲು. ಆ ಆನೆ ಬಂದ ದಿನ ಮರದಿಂದ ಇಳೀನಿಲ್ಲ ಅಂತ ಊರೆಲ್ಲ ನಗ್ತು. ಉಸ್ರು ಸಿಕ್ನಿಲ್ಲ, ಅದ್ಕೆ ಇಳೀನಿಲ್ಲ."

ದೊಡ್ಡಮಲ್ಲಪ್ಪ ನೆಲ ನೋಡುತ್ತ ಕೂತಿದ್ದ. "ನಿಜ ಏಳಿದ್ರೆ ಆಗೋದಿಲ್ಲ ಅಂತಾರೆ ಅಲ್ವಾ ಮೇಷ್ಟ್ರೆ? ಆಗ ಇವ್ಳಿಗೆ ಏನೂ ಇಲ್ಲ. ಸುಳ್ಳೇಳಿದ್ರೆ ಸಿಕ್ಕಿದ್ರೂ ಸಿಕ್ಬೋದು. ನೀವು ಇಸ್ಟು ದಿನದಿಂದ ಇದೇ ಕೆಲ್ಸ ಮಾಡ್ತಿದ್ದೀರಿ. ನಿಮ್ ಕಾಗ್ದದಲ್ಲಿ ನೀವೇನ್ ಬರ್ದ್ರಿ ಏಳಿ ನೋಡನ."

ಗಂಗಾಧರಸ್ವಾಮಿಯ ಕೈ ಅಭ್ಯಾಸಬಲದಿಂದ ಚೀಲದ ಹಗ್ಗಕ್ಕೆ ಹೋಯಿತು. ನನ್ನದು ಬೇರೆ ತರಹದ್ದು ಎಂಬ ಮಾತು ನಾಲಗೆಯ ತುದಿಗೂ ಬಂತು. ಇನ್ನೊಂದು ಕೈಯಲ್ಲಿ ಪುಟ್ಟಮಲ್ಲಮ್ಮ ಕೊಟ್ಟ ಮಜ್ಜಿಗೆಯ ಲೋಟವಿತ್ತು. ಈ ಮಾತು ಆಡಿದರೆ ಈ ಜಗಲಿ ಹೋಗುತ್ತದೆ, ಸಂಜೆಯೊಳಗೆ ಹಂಗಳ ಹೋಗುತ್ತದೆ, ಎಂಟು ದಿನದಲ್ಲಿ ಇಡೀ ತಾಲ್ಲೂಕು ಹೋಗುತ್ತದೆ. ಅವರಿಗೆ ಭಯವಾಯಿತು. ಆದರೂ ಆ ಹುಡುಗಿಯ ಮುಖ ನೋಡಿದಾಗ ಚಂದ್ರಮತಿಯ ಮುಖವೇ ಕಂಡ ಹಾಗಾಗಿ, ಲೋಟ ಕೆಳಗಿಟ್ಟರು.

"ನನಗೆ ಕ್ಷಯ ಆಗಿತ್ತು ಮಲ್ಲಪ್ಪ," ಎಂದರು. "ಟ್ರೈನಿಂಗೂ ಇಲ್ಲ, ಏನೂ ಇಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಹನ್ನೊಂದು ತಿಂಗಳು ಇದ್ದೆ. ವಾಸಿಯಾಗಿ ಒಂಬತ್ತು ವರ್ಷ ಆಯ್ತು. ನನ್ನ ಅರ್ಜಿಯಲ್ಲಿ ಅದನ್ನೇ ಬರೆದೆ. ಆಗೋದಿಲ್ಲ ಅಂದರು. ನನಗೆ ವಿಮೆ ಇಲ್ಲ."

ಮರಿಮಲ್ಲಪ್ಪ ತನಗರಿವಿಲ್ಲದೆ ಒಂದು ಗೇಣು ಹಿಂದೆ ಸರಿದ.

"ಬರೀದೇ ಇದ್ರೆ ಸಿಕ್ತಿತ್ತಲ್ಲ," ಎಂದ ದೊಡ್ಡಮಲ್ಲಪ್ಪ ಮೆಲ್ಲಗೆ.

"ಸಿಗ್ತಿತ್ತು. ಚಂದ್ರಮತಿ ಅದನ್ನ ನಂಬಿಕೊಂಡು ಧೈರ್ಯವಾಗಿ ಇರ್ತಿದ್ದಳು. ನಾನು ಹೋದ ದಿನ ಸುಳ್ಳು ಹೊರಗೆ ಬಂದು ದುಡ್ಡೂ ಹೋಗ್ತಿತ್ತು, ಅವಳಿಗೆ ಎರಡು ಸಲ ಹೋದ ಹಾಗಾಗ್ತಿತ್ತು. ಈಗ ಇಲ್ಲ ಅನ್ನೋದು ಅವಳಿಗೆ ಗೊತ್ತು. ಗೊತ್ತಿರೋದರಿಂದ ಹೊಲಿಗೆ ಕಲಿತಿದ್ದಾಳೆ, ಎರಡು ಹಸು ಕಟ್ಟಿದ್ದಾಳೆ. ನಿನಗಾದರೆ ಇರೋದು ಗೂರಲು, ಕಂಪನಿಯೋರು ಒಪ್ಪಿದರೂ ಒಪ್ಪಬಹುದು, ನಾಲ್ಕು ಕಾಸು ಹೆಚ್ಚು ಕೇಳಬಹುದು. ಒಪ್ಪದೇ ಇದ್ದರೆ ಅದನ್ನೂ ಇವಳಿಗೆ ಹೇಳು, ಬೇರೆ ದಾರಿ ನೋಡಿಕೊಳ್ಳಲಿ. ಅಷ್ಟೇ ನನಗೆ ಗೊತ್ತಿರೋದು."

ಇಷ್ಟು ಹೇಳಿ ಅವರು ಎದ್ದು ಚಪ್ಪಲಿ ಮೆಟ್ಟಿಕೊಳ್ಳಲು ಹೋದರು. ಅರ್ಧ ಕುಡಿದ ಲೋಟ ಅಲ್ಲೇ ಇತ್ತು. ಅದನ್ನೇನು ಮಾಡುತ್ತಾರೋ ನೋಡಬಾರದೆಂದು ಆ ಕಡೆ ತಿರುಗಲಿಲ್ಲ.

"ಕೂತ್ಕಳಿ ಮೇಷ್ಟ್ರೆ," ಎಂದಳು ದೊಡ್ಡಮಲ್ಲಮ್ಮ. "ಪುಟ್ಟಿ, ಲೋಟಕ್ಕೆ ಇನ್ನೊಸಿ ಮಜ್ಜಿಗೆ ಉಯ್ಯಿ ಕಣಮ್ಮಿ. ಅದೇ ಲೋಟಕ್ಕೆ." ಆಮೇಲೆ ದೊಡ್ಡ ಮಗನ ಕಡೆ ತಿರುಗಿದಳು. "ನೋಡ್ತಾ ಕೂತಿದ್ದೀಯಲ್ಲ, ಸೋಮಾರ ಡಾಕ್ಟ್ರತ್ರ ಓಗ್ಲಾ. ನೀನೇ ಓಗು. ಸುಯ್ ಅಂತ ಎಂಗೆ ಅಂತೀಯೋ ಅಂಗೇ ಅನ್ನು."

ಗಂಗಾಧರಸ್ವಾಮಿ ಕೂತರು. ಆ ಮಜ್ಜಿಗೆ ಕುಡಿಯುವಾಗ ಅವರ ಕಣ್ಣು ತುಂಬಿತು. ಮೆಣಸಿನಕಾಯಿ ಖಾರ ಜಾಸ್ತಿಯಾಯಿತು ಎಂದು ಹೇಳಿದರು. ಮಜ್ಜಿಗೆಗೆ ಮೆಣಸಿನಕಾಯಿ ಹಾಕಿರಲೇ ಇಲ್ಲ.

ಸೋಮವಾರ ಗಂಗಾಧರಸ್ವಾಮಿ ಡಾಕ್ಟರರ ಬಾಗಿಲಲ್ಲೇ ಕಾವಲು ನಿಂತರು. ಅರ್ಜಿಯ ಉಬ್ಬಸದ ಸಾಲನ್ನು ತಿದ್ದಿ, ತಿದ್ದಿದ ಕಡೆ ದೊಡ್ಡಮಲ್ಲಪ್ಪನ ರುಜು ಹಾಕಿಸಿದರು. ಡಾಕ್ಟರು ಕೊಳವೆ ಇಟ್ಟು, "ಇದು ನಿಮ್ಮ ಸ್ವಂತ ಎದೆ ತಾನೆ?" ಎಂದು ಕೇಳಿಯೇ ಪರೀಕ್ಷೆ ಶುರುಮಾಡಿದರು. ಉಬ್ಬಸ ಹಗುರದ್ದೇ, ಮಾಗಿಯಲ್ಲಿ ಮಾತ್ರ ಬರುವಂಥದ್ದು ಎಂದು ಬರೆದರು. ಮೂರು ವಾರ ಪುಟ್ಟಮಲ್ಲಮ್ಮ ದಿನಾ ಟಪಾಲಿನವನ ದಾರಿ ಕಾದಳು. ಕೊನೆಗೆ ಕಾಗದ ಬಂತು. ನಲವತ್ತರ ಬದಲು ನಲವತ್ತೆಂಟು ರೂಪಾಯಿ ಕಟ್ಟುವುದಾದರೆ ಕಂಪನಿಗೆ ಒಪ್ಪಿಗೆ.

"ಗೂರ್ಲಿಗೆ ಎಂಟು ರೂಪಾಯಿ ಕಂದಾಯ!" ಎಂದು ಮರಿಮಲ್ಲಪ್ಪ ಊರೆಲ್ಲ ಹೇಳಿಕೊಂಡು ಬಂದ. ತನ್ನ ಎದೆಗಾದರೆ ನಲವತ್ತೇ ಸಾಕಿತ್ತು ಎಂಬುದನ್ನೂ ಸೇರಿಸಿಯೇ ಹೇಳಿದ. ಮುಂದೆ ತನ್ನ ಮದುವೆಯಾದ ವರ್ಷ ತಾನೇ ಹೋಗಿ ತನ್ನದೇ ಹೆಸರಲ್ಲಿ ಪಾಸಾಗಿ ಬಂದ.

ಮೊದಲ ಕಂತಿನ ರಶೀದಿ ಕೊಡಲು ಹೋದ ದಿನ ಪುಟ್ಟಮಲ್ಲಮ್ಮ ಕೇಳಿದಳು. "ಅಂಗಾದ್ರೆ ನಿಮ್ಮನೆಯಮ್ಮಂಗೆ ಏನೂ ಇಲ್ವಾ ಮೇಷ್ಟ್ರೆ? ನಿಮ್ದು ಬ್ಯಾರೆ ತರದ್ದು ಅಂತಿದ್ರಲ್ಲ, ಅದೂ ಸುಳ್ಳಾ?"

"ಸುಳ್ಳಲ್ಲ ತಾಯಿ. ನಾನು ಮಾಡಿಸಿದ ವಿಮೆಗೆ ಜನ ಪ್ರತಿವರ್ಷ ಕಂತು ಕಟ್ಟಿದಾಗ ನನಗೆ ಒಂದಷ್ಟು ಕಮಿಷನ್ ಬರುತ್ತೆ. ನಿಮ್ಮದರಿಂದ ವರ್ಷಕ್ಕೆ ಎರಡು ರೂಪಾಯಿ ಆರಾಣೆ ಅಂತ ಇಟ್ಟುಕೋ. ಇಷ್ಟು ವರ್ಷ ಏಜೆಂಟಾಗಿ ದುಡಿದೋನು ಸತ್ತರೂ ಅದು ನಿಲ್ಲೋದಿಲ್ಲ, ಅವನ ಮನೆಯವರಿಗೆ ಬರುತ್ತೆ, ಕಾನೂನೇ ಇದೆ. ಆದರೆ ಕಟ್ಟೋರು ಕಟ್ಟುತ್ತಾ ಇರಬೇಕು. ಕಟ್ಟೋರೇ ಹೋದರೆ ಅಲ್ಲಿಗೆ ನಿಂತಿತು."

ದೊಡ್ಡಮಲ್ಲಪ್ಪ ಬಹಳ ಹೊತ್ತು ಲೆಕ್ಕ ಹಾಕಿದ. "ಅಂದ್ರೆ ನಾನು ಸತ್ರೆ ಇವ್ಳಿಗೆ ದುಡ್ಡು. ನಾನು ಬದುಕಿದ್ರೆ ನಿಮ್ಮನೆಯಮ್ಮಂಗೆ ದುಡ್ಡು."

"ಹೌದಪ್ಪ. ಅದಕ್ಕೇ ಹೋದ ಕಡೆಯೆಲ್ಲ ನೂರು ವರ್ಷ ಬಾಳಿ ಅಂತ ಹೇಳಿ ಬರೋದು. ಬಾಯಿಮಾತಿಗಲ್ಲ."

ಕ್ಷಯದ ಸುದ್ದಿ ಹಂಗಳದಿಂದ ಹೊರಗೆ ಹೋಗಲೇ ಇಲ್ಲ ಎನ್ನಲಾಗದು. ನಾಲ್ಕೈದು ಮನೆಗಳಲ್ಲಿ ಮೇಷ್ಟ್ರಿಗೆ ಬೇರೆ ಲೋಟ ಬಂತು, ಎರಡು ಮನೆಗಳಲ್ಲಿ ನೀರೇ ಬರಲಿಲ್ಲ. ಆದರೆ ದೊಡ್ಡಮಲ್ಲಮ್ಮ ಹೋದ ಕಡೆಯೆಲ್ಲ, ತನ್ನ ಕಾಯಿಲೆಯನ್ನೇ ಮುಚ್ಚಿಡದವನು ನಿಮ್ಮ ದುಡ್ಡು ಮುಚ್ಚಿಡುತ್ತಾನೆಯೇ ಎಂದು ಜೋರು ಮಾಡಿ, ಕಳೆದುಕೊಂಡದ್ದಕ್ಕಿಂತ ಹೆಚ್ಚು ಗಿರಾಕಿಗಳನ್ನು ತಂದುಕೊಟ್ಟಳು. ಎರಡು ವರ್ಷಕ್ಕೆ ಕಂಪನಿಗಳನ್ನೆಲ್ಲ ಸರ್ಕಾರ ವಹಿಸಿಕೊಂಡು ಒಂದೇ ನಿಗಮ ಮಾಡಿತು. ದುಡ್ಡು ಮುಳುಗಿತು ಎಂದು ಹೆದರಿ ಬಂದವರಿಗೆಲ್ಲ ಗಂಗಾಧರಸ್ವಾಮಿ ಹಳೆಯ ಪಾಲಿಸಿ ಹಾಗೆಯೇ ನಡೆಯುತ್ತದೆ, ಕಂತು ಮಾತ್ರ ತಪ್ಪಿಸಬೇಡಿ ಎಂದು ಜಗಲಿ ಜಗಲಿಗೆ ಹೋಗಿ ಹೇಳಿದರು.

ಐವತ್ತೊಂಬತ್ತರ ಮಾಗಿಯಲ್ಲಿ ಅವರಿಗೆ ಮತ್ತೆ ಕೆಮ್ಮು ಕಾಣಿಸಿಕೊಂಡಿತು. ಬರೀ ಶೀತ ಎಂದು ಡಾಕ್ಟರು ಹೇಳಿದರೂ ಚಂದ್ರಮತಿ ಅವರನ್ನು ಹದಿನೈದು ದಿನ ಸೈಕಲ್ಲು ಮುಟ್ಟಗೊಡಲಿಲ್ಲ. ಒಳಗಿನ ಕೋಣೆಯಲ್ಲಿ ಕಂಬಳಿ ಹೊದ್ದು ಕೂತು, ಗೋಡೆ ನೋಡುತ್ತ, ಏನೇನೋ ಯೋಚಿಸುತ್ತಿದ್ದರು. ಒಂದು ಬೆಳಿಗ್ಗೆ ಜಗಲಿಯ ಮೇಲೆ ಪರಿಚಯದ ಸುಯ್ ಸುಯ್ ಸದ್ದು ಕೇಳಿಸಿತು. ದೊಡ್ಡಮಲ್ಲಪ್ಪ ಹಂಗಳದಿಂದ ಮೊದಲ ಬಸ್ಸಿಗೆ ಬಂದಿದ್ದ. ಪಾಲಿಸಿಯ ಗಡುವಿಗೆ ಇನ್ನೂ ಹತ್ತು ದಿನವಿತ್ತು. ಪ್ರತಿವರ್ಷದ ಹಾಗೆ ನಿಗಮದ ಕಚೇರಿಯಲ್ಲಿ ಕಂತು ಕಟ್ಟಿ, ರಶೀದಿ ಇಸಿದುಕೊಂಡು, ಒಂದು ಪಿಂಡಿ ಎಳೆಯ ವೀಳ್ಯದೆಲೆ ತಂದಿದ್ದ. ಮೇಷ್ಟ್ರು ಎಲ್ಲಿ ಎಂದು ಕೇಳಲಿಲ್ಲ. ಕಂಬಕ್ಕೆ ಒರಗಿ ಉಸಿರು ಸುಧಾರಿಸಿಕೊಂಡು, ಬಾಗಿಲಿಗೆ ಬಂದ ಚಂದ್ರಮತಿಯ ಕೈಗೆ ಎಲೆಯ ಪಿಂಡಿ ಕೊಟ್ಟು, ರಶೀದಿ ಬಿಡಿಸಿ ತೋರಿಸಿದ.

"ಈ ವರ್ಸವೂ ಸಾಯ್ನಿಲ್ಲ ಕಣವ್ವ," ಎಂದ. "ಕಟ್ಬುಟ್ಟೆ."